ಮಾರಾಟ ಏರಿತು, ಲಾಭ ಇಳಿಯಿತು: ಕಾರಣವನ್ನು ಹಂತಹಂತವಾಗಿ ತೋರಿಸುವ ವಾಟರ್‌ಫಾಲ್ ಚಾರ್ಟ್ ರಚಿಸುವ ಕ್ರಮ

ಸಾಗರದ ಕಡೆಯ ಒಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2023-24ರಲ್ಲಿ ಅದು 8 ಲಕ್ಷ ತಟ್ಟೆಗಳನ್ನು ಮಾರಿ 7.20 ಲಕ್ಷ ರೂಪಾಯಿ ಲಾಭ ಗಳಿಸಿತ್ತು. 2024-25ರಲ್ಲಿ 9.50 ಲಕ್ಷ ತಟ್ಟೆಗಳನ್ನು ಮಾರಿತು, ವಹಿವಾಟು 5 ಲಕ್ಷಕ್ಕೂ ಹೆಚ್ಚು ಏರಿತು, ಆದರೆ ಲಾಭ 4.08 ಲಕ್ಷಕ್ಕೆ ಇಳಿಯಿತು. ಮಾಲೀಕರು, ಪಾಲುದಾರರು, ಸಾಲ ಕೊಟ್ಟ ಬ್ಯಾಂಕಿನವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹೆಚ್ಚು ಮಾರಿದ ಮೇಲೂ 3.12 ಲಕ್ಷ ಎಲ್ಲಿಗೆ ಹೋಯಿತು? ಈ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಹೊಂದಿಸಿದ್ದೇನೆ. ಆದರೆ ಪ್ರಶ್ನೆ ಮಾತ್ರ ಲೆಕ್ಕಪತ್ರ ಬರೆಯುವ ಎಲ್ಲರಿಗೂ ಎದುರಾಗುವಂಥದ್ದು.

ಈ ಪ್ರಶ್ನೆಗೆ ಉತ್ತರ ಕೊಡಲು ವಾಟರ್‌ಫಾಲ್ ಚಾರ್ಟ್ ತಕ್ಕ ಸಾಧನ. ಎಡತುದಿಯಲ್ಲಿ ಹಳೆಯ ಲಾಭದ ಪೂರ್ಣ ಕಂಬ, ಬಲತುದಿಯಲ್ಲಿ ಹೊಸ ಲಾಭದ ಪೂರ್ಣ ಕಂಬ, ನಡುವೆ ಒಂದೊಂದು ಕಾರಣಕ್ಕೂ ಗಾಳಿಯಲ್ಲಿ ತೇಲುವ ಒಂದೊಂದು ಕಂಬ ಇರುತ್ತದೆ. ಪ್ರತಿಯೊಂದು ಕಂಬವೂ ಹಿಂದಿನದು ನಿಂತ ಮಟ್ಟದಿಂದಲೇ ಆರಂಭವಾಗಿ, ತನ್ನ ಪಾಲಿನಷ್ಟು ಮೇಲಕ್ಕೋ ಕೆಳಕ್ಕೋ ಸರಿದು, ಮುಂದಿನ ಕಂಬಕ್ಕೆ ಹೊಸ ಮಟ್ಟವನ್ನು ಒಪ್ಪಿಸುತ್ತದೆ. ಎಕ್ಸೆಲ್‌ನಲ್ಲಿ ಇದನ್ನು ಬಿಡಿಸುವುದು ಅರ್ಧ ಗಂಟೆಯ ಕೆಲಸ. ನಡುವಿನ ಕಂಬಗಳು ಯಾವುವು, ಅವುಗಳ ಎತ್ತರ ಎಷ್ಟು ಎಂಬುದನ್ನು ನಿರ್ಧರಿಸುವುದೇ ನಿಜವಾದ ಕೆಲಸ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಚಾರ್ಟಿಗಿಂತ ಮೊದಲಿನ ಲೆಕ್ಕಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಎರಡೂ ವರ್ಷಗಳ ಲೆಕ್ಕವನ್ನು ಒಂದೇ ಅಚ್ಚಿಗೆ ತರುವುದು

ಎರಡು ವರ್ಷಗಳ ಲಾಭ-ನಷ್ಟ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ವೆಚ್ಚ ಒಂದೇ ಶೀರ್ಷಿಕೆಯ ಕೆಳಗೆ ಬಂದಿದೆಯೇ ಎಂದು ನೋಡಬೇಕು. ಕಳೆದ ವರ್ಷ ಕೂಲಿಯಲ್ಲಿ ಸೇರಿದ್ದ ಲೋಡಿಂಗ್ ಖರ್ಚು ಈ ವರ್ಷ ಸಾಗಣೆಗೆ ಹೋಗಿದ್ದರೆ, ಕೂಲಿ ಇಳಿದಂತೆಯೂ ಸಾಗಣೆ ಏರಿದಂತೆಯೂ ಕಾಣುವ ಎರಡು ಸುಳ್ಳು ಕಂಬಗಳು ಹುಟ್ಟುತ್ತವೆ. ನಮ್ಮ ಘಟಕದ ಲೆಕ್ಕವನ್ನು ಹೀಗೆ ಹೊಂದಿಸಿದ್ದೇವೆ:

| ವಿವರ | 2023-24 | 2024-25 |
|---|---|---|
| ಮಾರಿದ ತಟ್ಟೆಗಳು | 8,00,000 | 9,50,000 |
| ಮಾರಾಟ, ತಟ್ಟೆಗೆ | ₹4.00 | ₹3.90 |
| ಹಾಳೆ, ತಟ್ಟೆಗೆ | ₹1.00 | ₹1.30 |
| ಕೂಲಿ, ತಟ್ಟೆಗೆ | ₹0.90 | ₹1.00 |
| ಪ್ಯಾಕಿಂಗ್ ಮತ್ತು ಸಾಗಣೆ, ತಟ್ಟೆಗೆ | ₹0.60 | ₹0.56 |
| ಸ್ಥಿರ ವೆಚ್ಚ, ವರ್ಷಕ್ಕೆ | ₹4,80,000 | ₹5,80,000 |
| ಲಾಭ | ₹7,20,000 | ₹4,08,000 |

ತಟ್ಟೆಯ ಲೆಕ್ಕದಲ್ಲಿ ಏರಿಳಿಯುವ ವೆಚ್ಚ ಬೇರೆ, ತಟ್ಟೆ ಎಷ್ಟೇ ಆದರೂ ಬದಲಾಗದ ಬಾಡಿಗೆ, ಸಂಬಳ, ಬಡ್ಡಿಯಂಥ ಸ್ಥಿರ ವೆಚ್ಚ ಬೇರೆ ಎಂದು ಪಟ್ಟಿಯಲ್ಲೇ ವಿಂಗಡಿಸಿರುವುದನ್ನು ಗಮನಿಸಿ. ಈ ವಿಂಗಡಣೆ ಇಲ್ಲದೆ ಮುಂದಿನ ಹೆಜ್ಜೆ ಇಡಲಾಗದು. ಸ್ಥಿರ ವೆಚ್ಚದಲ್ಲಿ ಏರಿದ 1 ಲಕ್ಷ ಹೊಸ ಪ್ರೆಸ್ ಯಂತ್ರಕ್ಕೆ ತೆಗೆದ ಸಾಲದ ಬಡ್ಡಿ ಎಂದಿಟ್ಟುಕೊಳ್ಳೋಣ.

ಖಾತೆಯ ವ್ಯತ್ಯಾಸವನ್ನೇ ಕಂಬ ಮಾಡಿದರೆ ಏನಾಗುತ್ತದೆ

ಹೆಚ್ಚಿನವರು ಎರಡು ವರ್ಷಗಳ ಒಂದೊಂದು ಖಾತೆಯ ಮೊತ್ತವನ್ನು ಕಳೆದು, ಬಂದ ವ್ಯತ್ಯಾಸಗಳನ್ನೇ ನೇರವಾಗಿ ಚಾರ್ಟಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಮಾರಾಟ +5.05 ಲಕ್ಷ, ಹಾಳೆ −4.35 ಲಕ್ಷ, ಕೂಲಿ −2.30 ಲಕ್ಷ, ಪ್ಯಾಕಿಂಗ್ ಮತ್ತು ಸಾಗಣೆ −0.52 ಲಕ್ಷ, ಸ್ಥಿರ ವೆಚ್ಚ −1.00 ಲಕ್ಷ ಎಂದು ಬರುತ್ತದೆ. ಕೂಡಿದರೆ ಸರಿಯಾಗಿ −3.12 ಲಕ್ಷವೇ. ಲೆಕ್ಕದಲ್ಲಿ ತಪ್ಪೇನೂ ಇಲ್ಲ, ಆದರೂ ಈ ಚಾರ್ಟ್ ಓದುಗರನ್ನು ದಾರಿ ತಪ್ಪಿಸುತ್ತದೆ.

ಪ್ಯಾಕಿಂಗ್ ಮತ್ತು ಸಾಗಣೆಯನ್ನೇ ನೋಡಿ. ಚಾರ್ಟಿನಲ್ಲಿ ಅದು ಕೆಳಮುಖದ ಕಂಬ. ಸಾಗಣೆ ದುಬಾರಿಯಾಯಿತು ಎಂದೇ ನೋಡಿದವರು ತಿಳಿಯುತ್ತಾರೆ. ವಾಸ್ತವದಲ್ಲಿ ಲಾರಿ ತುಂಬ ಲೋಡು ಸಿಕ್ಕಿದ್ದರಿಂದ ತಟ್ಟೆಯ ಮೇಲಿನ ಈ ಖರ್ಚು 60 ಪೈಸೆಯಿಂದ 56 ಪೈಸೆಗೆ ಇಳಿದಿದೆ. ಕೂಲಿಯ 2.30 ಲಕ್ಷದಲ್ಲೂ ದರ ಏರಿಕೆಯ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಹೆಚ್ಚು ತಟ್ಟೆ ಒತ್ತಿದ್ದಕ್ಕೆ ಕೊಟ್ಟ ಕೂಲಿ, ಅಂದರೆ ಆ ತಟ್ಟೆಗಳ ಮಾರಾಟದಲ್ಲಿಯೇ ಮರಳಿ ಬಂದ ಹಣ. ಪ್ರಮಾಣ ಹೆಚ್ಚಿದ ಪರಿಣಾಮವು ಮಾರಾಟದ ಕಂಬದಲ್ಲಿ ಮೇಲ್ಮುಖವಾಗಿಯೂ ಒಂದೊಂದು ವೆಚ್ಚದ ಕಂಬದಲ್ಲಿ ಕೆಳಮುಖವಾಗಿಯೂ ಹರಿದು ಹಂಚಿಹೋಗಿರುವುದರಿಂದ ಯಾವ ಕಂಬವೂ ಒಂದೇ ಕಾರಣವನ್ನು ಹೇಳುತ್ತಿಲ್ಲ. ಒಂದು ಕಂಬಕ್ಕೆ ಒಂದೇ ಕಾರಣ ಎಂಬುದನ್ನು ನಾನು ಈ ಚಾರ್ಟಿನ ಮೊದಲ ನಿಯಮವೆಂದು ಪರಿಗಣಿಸುತ್ತೇನೆ.

ಪ್ರಮಾಣ ಮತ್ತು ದರವನ್ನು ಬೇರ್ಪಡಿಸುವುದು

ಮೊದಲು ಪ್ರಮಾಣದ ಪರಿಣಾಮವನ್ನು ಲೆಕ್ಕ ಹಾಕಬೇಕು. ಕಳೆದ ವರ್ಷದ ದರಗಳಲ್ಲಿ ಒಂದು ತಟ್ಟೆ ಮಾರಿದರೆ ಅದರದೇ ಖರ್ಚು ಕಳೆದು ಎಷ್ಟು ಉಳಿಯುತ್ತಿತ್ತು? 4.00ರಿಂದ 1.00, 0.90 ಮತ್ತು 0.60 ಕಳೆದರೆ ₹1.50. ಈ ವರ್ಷ 1,50,000 ತಟ್ಟೆಗಳನ್ನು ಹೆಚ್ಚು ಮಾರಿದ್ದೇವೆ. ಎಲ್ಲ ದರಗಳೂ ಹಾಗೆಯೇ ಇದ್ದಿದ್ದರೆ ಲಾಭ 1,50,000 × 1.50, ಅಂದರೆ 2.25 ಲಕ್ಷ ಏರಬೇಕಿತ್ತು. ಇದು ಮೊದಲ ಕಂಬ.

ಉಳಿದವು ದರದ ಪರಿಣಾಮಗಳು. ಪ್ರತಿಯೊಂದನ್ನೂ ಈ ವರ್ಷದ ಪ್ರಮಾಣದಿಂದ ಗುಣಿಸಬೇಕು. ಮಾರಾಟ ದರ 10 ಪೈಸೆ ಇಳಿದದ್ದರಿಂದ 9,50,000 × 0.10 = 0.95 ಲಕ್ಷ ಕಡಿಮೆಯಾಯಿತು. ಹಾಳೆಯ ದರ 30 ಪೈಸೆ ಏರಿದ್ದರಿಂದ 2.85 ಲಕ್ಷ ಹೋಯಿತು. ಕೂಲಿ 10 ಪೈಸೆ ಏರಿದ್ದರಿಂದ 0.95 ಲಕ್ಷ ಹೋಯಿತು. ಪ್ಯಾಕಿಂಗ್ ಮತ್ತು ಸಾಗಣೆಯಲ್ಲಿ 4 ಪೈಸೆ ಉಳಿದದ್ದರಿಂದ 0.38 ಲಕ್ಷ ಬಂತು. ಸ್ಥಿರ ವೆಚ್ಚದ ಏರಿಕೆ ಹಾಗೆಯೇ 1.00 ಲಕ್ಷ.

7.20ರಿಂದ ಹೊರಟು 2.25 ಕೂಡಿದರೆ 9.45, ಅಲ್ಲಿಂದ ಕ್ರಮವಾಗಿ 8.50, 5.65, 4.70, 5.08, ಕೊನೆಗೆ 4.08. ಲೆಕ್ಕ ಕೂಡಿತು. ಈಗ ಕಥೆ ಸ್ಪಷ್ಟವಾಗಿದೆ: ಹೆಚ್ಚು ಮಾರಿದ್ದರಿಂದ ಬಂದ ಲಾಭವನ್ನೆಲ್ಲ ಹಾಳೆಯ ದರ ಏರಿಕೆಯೊಂದೇ ನುಂಗಿ, ಮೇಲೆ ಇನ್ನೂ 60 ಸಾವಿರ ತೆಗೆದುಕೊಂಡಿದೆ.

ಇಲ್ಲಿ ಒಂದು ಆಯ್ಕೆ ಅಡಗಿದೆ, ಅದನ್ನು ಮುಚ್ಚಿಡಬಾರದು. ಪ್ರಮಾಣವನ್ನು ಹಳೆಯ ದರದಲ್ಲೂ, ದರವನ್ನು ಹೊಸ ಪ್ರಮಾಣದಲ್ಲೂ ಅಳೆದೆವು. ಇದನ್ನು ತಿರುಗಿಸಿ, ದರಗಳನ್ನು ಹಳೆಯ 8 ಲಕ್ಷ ತಟ್ಟೆಗಳ ಮೇಲೆ ಅಳೆದು, ಪ್ರಮಾಣವನ್ನು ಈ ವರ್ಷ ತಟ್ಟೆಗೆ ಉಳಿಯುವ ₹1.04ರಲ್ಲಿ ಅಳೆದರೂ ಮೊತ್ತ −3.12 ಲಕ್ಷವೇ ಬರುತ್ತದೆ. ಆದರೆ ಪ್ರಮಾಣದ ಕಂಬ 2.25ರ ಬದಲು 1.56 ಲಕ್ಷವಾಗುತ್ತದೆ, ಹಾಳೆಯ ಕಂಬ 2.85ರ ಬದಲು 2.40 ಲಕ್ಷವಾಗುತ್ತದೆ. ಹೆಚ್ಚುವರಿ ತಟ್ಟೆಗಳಿಗೆ ಹೆಚ್ಚುವರಿ ದರ ತೆತ್ತ ಭಾಗವು ಎರಡೂ ಕಾರಣಗಳಿಗೆ ಸೇರಿದ್ದು; ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು ಒಪ್ಪಂದದ ಮಾತು. ನಾನು ಮೊದಲ ಕ್ರಮವನ್ನೇ ಬಳಸುತ್ತೇನೆ, ಏಕೆಂದರೆ ಬಜೆಟ್ ವ್ಯತ್ಯಾಸಗಳನ್ನು ಲೆಕ್ಕ ಹಾಕುವ ರೂಢಿಯೂ ಅದೇ. ಯಾವುದನ್ನೇ ಆರಿಸಿದರೂ ಎಲ್ಲ ಕಂಬಗಳಿಗೂ ಒಂದೇ ಕ್ರಮ ಇರಬೇಕು, ಮುಂದಿನ ವರ್ಷವೂ ಅದೇ ಇರಬೇಕು. ಒಂದೇ ಚಾರ್ಟಿನಲ್ಲಿ ಎರಡನ್ನೂ ಬೆರೆಸಿದರೆ ಕೊನೆಯ ಕಂಬ ಕೂಡುವುದಿಲ್ಲ. ಆಗ ಉಳಿದ ಮೊತ್ತವನ್ನು ‘ಇತರೆ’ಯೊಳಗೆ ತಳ್ಳುವ ಆಸೆ ಹುಟ್ಟುತ್ತದೆ.

ಸರಾಸರಿ ದರದೊಳಗೆ ಅಡಗಿರುವ ಇನ್ನೊಂದು ಕಾರಣ

ಮಾರಾಟ ದರ 10 ಪೈಸೆ ಇಳಿಯಿತು ಎಂದೆವು. ನಿಜಕ್ಕೂ ಯಾರಾದರೂ ದರ ಇಳಿಸಿದರೇ? ದೊಡ್ಡ ಊಟದ ತಟ್ಟೆಯನ್ನು ₹5ಕ್ಕೂ ಸಣ್ಣ ತಿಂಡಿ ತಟ್ಟೆಯನ್ನು ₹2.50ಕ್ಕೂ ಮಾರುತ್ತಿದ್ದು, ಕಳೆದ ವರ್ಷ ನೂರಕ್ಕೆ 60 ದೊಡ್ಡವು, 40 ಸಣ್ಣವು ಹೋಗಿದ್ದರೆ ಸರಾಸರಿ ₹4.00. ಈ ವರ್ಷ ಎರಡರ ದರವೂ ಒಂದು ಪೈಸೆಯಷ್ಟೂ ಬದಲಾಗದೆ, 56 ದೊಡ್ಡವು, 44 ಸಣ್ಣವು ಹೋಗಿದ್ದರೆ ಸರಾಸರಿ ₹3.90 ಆಗುತ್ತದೆ. ಆಗ ‘ಮಾರಾಟ ದರ ಇಳಿಕೆ’ ಎಂಬ ಹೆಸರಿನ ಕಂಬವೇ ತಪ್ಪು. ಅಲ್ಲಿ ಬದಲಾದದ್ದು ಮಾರಾಟದ ಮಿಶ್ರಣ. ಮಾಲೀಕರು ಇಂಥ ಚಾರ್ಟನ್ನು ನಂಬಿ ವ್ಯಾಪಾರಿಗಳೊಡನೆ ದರದ ಚೌಕಾಸಿಗೆ ಕೂತರೆ ಆ ಶ್ರಮವೆಲ್ಲ ವ್ಯರ್ಥ.

ಇದನ್ನು ಪತ್ತೆ ಹಚ್ಚಲು ಬಿಲ್ಲುಗಳಲ್ಲಿ ಒಂದೊಂದು ಗಾತ್ರದ ದರವನ್ನು ನೋಡಿದರೆ ಸಾಕು. ಗಾತ್ರವಾರು ದರ ಸ್ಥಿರವಾಗಿದ್ದು ಸರಾಸರಿ ಮಾತ್ರ ಇಳಿದಿದ್ದರೆ, ಮೇಲಿನ ಪಟ್ಟಿಯನ್ನು ಗಾತ್ರಕ್ಕೊಂದರಂತೆ ಮಾಡಿ, ಹಾಳೆಯ ಖರ್ಚನ್ನೂ ಗಾತ್ರಕ್ಕೆ ತಕ್ಕಂತೆ ಹಂಚಿ, ಮಿಶ್ರಣಕ್ಕೆ ಬೇರೆಯೇ ಕಂಬ ಕೊಡಬೇಕು. ಮುಂದಿನ ವಿವರಣೆಯಲ್ಲಿ ನಮ್ಮ ಘಟಕದ ಮಿಶ್ರಣ ಬದಲಾಗಿಲ್ಲ, ದರವೇ ಇಳಿದಿದೆ ಎಂದು ಇಟ್ಟುಕೊಳ್ಳುತ್ತೇನೆ.

ಕೊಂಡ ಹಾಳೆ, ಬಳಸಿದ ಹಾಳೆ

ಈ ಉದ್ಯಮದಲ್ಲಿ ತಪ್ಪು ನುಸುಳುವ ಮುಖ್ಯ ಜಾಗ ದಾಸ್ತಾನು. ಉದುರಿದ ಹಾಳೆಯನ್ನು ಬೇಸಿಗೆಯಲ್ಲಿ ಒಣಗಿದ್ದಾಗಲೇ ಸಂಗ್ರಹಿಸಿಡಬೇಕು. ಮಳೆಯಲ್ಲಿ ನೆನೆದರೆ ಬೂಷ್ಟು ಹಿಡಿದು ಕೆಡುತ್ತದೆ. ಹಾಗಾಗಿ ಮಾರ್ಚ್ 31ರಂದು, ಅಂದರೆ ಲೆಕ್ಕದ ವರ್ಷ ಮುಗಿಯುವ ದಿನವೇ, ಗೋದಾಮಿನಲ್ಲಿ ಮುಂದಿನ ತಿಂಗಳುಗಳಿಗೆ ಬೇಕಾದ ಹಾಳೆ ರಾಶಿ ಬಿದ್ದಿರುತ್ತದೆ.

2024-25ರಲ್ಲಿ ಹಾಳೆ ಖರೀದಿ 14.10 ಲಕ್ಷ, ವರ್ಷದ ಆರಂಭದ ದಾಸ್ತಾನು 2.40 ಲಕ್ಷ, ಕೊನೆಯ ದಾಸ್ತಾನು 4.15 ಲಕ್ಷ ಎಂದಿಟ್ಟುಕೊಳ್ಳಿ. ಬಳಸಿದ್ದು 14.10 + 2.40 − 4.15 = 12.35 ಲಕ್ಷ, ತಟ್ಟೆಗೆ ₹1.30 ಬಂದದ್ದು ಇಲ್ಲಿಂದಲೇ. ದಾಸ್ತಾನನ್ನು ಮರೆತು ಖರೀದಿಯನ್ನೇ ಖರ್ಚೆಂದು ಬರೆದರೆ ಹಾಳೆಯ ಕಂಬ 2.85ರಿಂದ 4.60 ಲಕ್ಷಕ್ಕೆ ಹಿಗ್ಗುತ್ತದೆ, ಲಾಭ 2.33 ಲಕ್ಷಕ್ಕೆ ಕುಸಿದಂತೆ ಕಾಣುತ್ತದೆ. ಚಾರ್ಟ್ ಆಗಲೂ ಸರಿಯಾಗಿ ಕೂಡುತ್ತದೆ ಎಂಬುದೇ ಇಲ್ಲಿನ ಅಪಾಯ. ಆದ್ದರಿಂದ ಯಾವುದೇ ವೆಚ್ಚದ ತಟ್ಟೆವಾರು ದರ ಅನಿರೀಕ್ಷಿತವಾಗಿ ಜಿಗಿದರೆ, ಆ ದರವನ್ನು ಕೈಯಲ್ಲಿರುವ ಒಂದೆರಡು ಖರೀದಿ ಚೀಟಿಗಳೊಡನೆ ಹೋಲಿಸಿ ನೋಡಬೇಕು. ಮಾರದೆ ಉಳಿದ ತಯಾರಾದ ತಟ್ಟೆಗಳಿಗೂ ಇದೇ ಎಚ್ಚರ ಬೇಕು.

ಶೀಟಿನಲ್ಲಿ ಹೊಂದಿಸುವುದು

ಎಕ್ಸೆಲ್ ತೆರೆದು, ಮೊದಲ ಸಾಲಿನಲ್ಲಿ ಶೀರ್ಷಿಕೆಗಳನ್ನು ಬರೆಯಿರಿ: A ವಿವರ, B ಮೊತ್ತ, C ಮಟ್ಟ, D ಆಧಾರ, E ಪೂರ್ಣ, F ಏರಿಕೆ, G ಇಳಿಕೆ, H ತುದಿ. ಎರಡನೆಯ ಸಾಲಿನಲ್ಲಿ ‘2023-24ರ ಲಾಭ’, ಮೂರರಿಂದ ಎಂಟರವರೆಗೆ ಆರು ಕಾರಣಗಳು, ಒಂಬತ್ತರಲ್ಲಿ ‘2024-25ರ ಲಾಭ’ ಬರಲಿ. B ಅಂಕಣದಲ್ಲಿ ಮೇಲಿನಿಂದ ಕೆಳಕ್ಕೆ ಲಕ್ಷಗಳಲ್ಲಿ 7.20, 2.25, −0.95, −2.85, −0.95, 0.38, −1.00, 4.08 ಎಂದು ತುಂಬಿರಿ. ಕೊನೆಯ 4.08 ಮೇಲಿನವುಗಳ ಮೊತ್ತವಾಗಿ ಬರಬಾರದು. ಅದನ್ನು ಲಾಭ-ನಷ್ಟ ಪಟ್ಟಿಯಿಂದ ಪ್ರತ್ಯೇಕವಾಗಿ ತರಬೇಕು. ಸೂತ್ರದಿಂದಲೇ ಕೂಡಿಸಿದರೆ ಲೆಕ್ಕ ತಪ್ಪಿದ್ದರೂ ಚಾರ್ಟ್ ಕೂಡಿದಂತೆಯೇ ಕಾಣುತ್ತದೆ.

ಮೊದಲ ಮತ್ತು ಕೊನೆಯ ಸಾಲಿಗೆ ಹಾಕಬೇಕಾದ ಸೂತ್ರಗಳು:

```
C2: =B2      C9: =B9
E2: =B2      E9: =B9
H2: =C2      H9: =C9
```

ಮೂರನೆಯ ಸಾಲಿಗೆ ಕೆಳಗಿನ ಸೂತ್ರಗಳನ್ನು ಹಾಕಿ ಎಂಟನೆಯ ಸಾಲಿನವರೆಗೆ ಎಳೆಯಬೇಕು:

```
C3: =C2+B3
D3: =MIN(C2,C3)
F3: =MAX(B3,0)
G3: =MAX(-B3,0)
H3: =MAX(C2,C3)
```

C ಅಂಕಣವು ಪ್ರತಿ ಹೆಜ್ಜೆಯ ನಂತರ ಲಾಭ ನಿಲ್ಲುವ ಮಟ್ಟ. D ಅಂಕಣವು ತೇಲುವ ಕಂಬದ ಕೆಳತುದಿ. ಅದರ ಕೆಳಗಿನ ಭಾಗವನ್ನು ನಾವು ಕಾಣದಂತೆ ಮಾಡುತ್ತೇವೆ. ಏರಿಕೆಯಲ್ಲಿ ಕೆಳತುದಿ ಹಿಂದಿನ ಮಟ್ಟ, ಇಳಿಕೆಯಲ್ಲಿ ಹೊಸ ಮಟ್ಟ. ಎರಡಕ್ಕೂ MIN ಸಾಕು. D2, D9 ಮುಂತಾದ ಉಳಿದ ಕೋಶಗಳು ಖಾಲಿಯಿರಲಿ.

ಇನ್ನು ತಾಳೆಯ ಕೋಶ. B11ರಲ್ಲಿ ಇದನ್ನು ಬರೆಯಿರಿ:

```
=ROUND(C8-B9,2)
```

ಇಲ್ಲಿ 0 ಬರಬೇಕು. ROUND ಇಲ್ಲದಿದ್ದರೆ ದಶಮಾಂಶಗಳನ್ನು ಕಂಪ್ಯೂಟರ್ ಸಂಗ್ರಹಿಸುವ ರೀತಿಯಿಂದಾಗಿ, ಲೆಕ್ಕ ಸರಿಯಿದ್ದಾಗಲೂ ಎಲ್ಲೋ ಹದಿನೈದನೆಯ ಸ್ಥಾನದಲ್ಲಿ ಒಂದು ಚೂರು ಉಳಿದು ಗಾಬರಿ ಹುಟ್ಟಿಸಬಹುದು. 0 ಬರದಿದ್ದರೆ ಚಾರ್ಟಿಗೆ ಹೋಗಬೇಡಿ. ವ್ಯತ್ಯಾಸವು ಯಾವುದೋ ಒಂದು ಕಂಬದ ಸರಿಯಾಗಿ ಎರಡರಷ್ಟಿದ್ದರೆ ಅಲ್ಲಿ ಕೂಡುವ-ಕಳೆಯುವ ಚಿಹ್ನೆ ತಿರುಗಿದೆ ಎಂದರ್ಥ. ಸರಿಯಾಗಿ ಒಂದು ಕಂಬದಷ್ಟೇ ಇದ್ದರೆ ಒಂದು ಸಾಲು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ.

ಚಾರ್ಟ್ ಬಿಡಿಸುವುದು

A1ರಿಂದ A9ರವರೆಗೆ ಆರಿಸಿ, Ctrl ಕೀಲಿ ಒತ್ತಿಹಿಡಿದು D1ರಿಂದ H9ರವರೆಗೆ ಆರಿಸಿ. B ಮತ್ತು C ಸೇರಬಾರದು. Insert ಪಟ್ಟಿಯಲ್ಲಿ ಕಂಬದ ಚಾರ್ಟುಗಳೊಳಗಿನ Stacked Column ಒತ್ತಿರಿ. ಅದರ ಪಕ್ಕದ 100% Stacked Column ಅಲ್ಲ. ಈಗ ಬಣ್ಣಬಣ್ಣದ, ಅರ್ಥವಾಗದ ರಾಶಿಯೊಂದು ಕಾಣುತ್ತದೆ.

ಮೊದಲು ‘ತುದಿ’ ಸರಣಿಯ ಮೇಲೆ ಬಲ ಕ್ಲಿಕ್ ಮಾಡಿ, Change Series Chart Type ಆರಿಸಿ, ಅದೊಂದನ್ನು Line ಆಗಿ ಬದಲಾಯಿಸಿ. ಆಮೇಲೆ ‘ಆಧಾರ’ದ ಯಾವುದಾದರೊಂದು ಕಂಬವನ್ನು ಆರಿಸಿ, Format Data Seriesನಲ್ಲಿ ಅದರ ತುಂಬಿಕೆಯನ್ನು No fill, ಅಂಚನ್ನು No line ಮಾಡಿ. ಕಂಬಗಳು ತಟ್ಟನೆ ತೇಲತೊಡಗುತ್ತವೆ. ತುಂಬಿಕೆಗೆ ಬಿಳಿ ಬಣ್ಣ ಹಚ್ಚಿ ಮರೆಸುವುದು ಬೇಡ. ಹಿನ್ನೆಲೆ ಬೇರೆ ಬಣ್ಣದ ಸ್ಲೈಡಿಗೆ ಅಂಟಿಸಿದ ಕೂಡಲೇ ಬಿಳಿ ಕಂಬಗಳು ಹೊರಬರುತ್ತವೆ. ಕಂಬಗಳು ತಲೆಕೆಳಗಾಗಿ ಕೂತಂತೆ ಕಂಡರೆ Select Data ತೆರೆದು ‘ಆಧಾರ’ ಮೊದಲ ಸರಣಿಯಾಗಿದೆಯೇ ನೋಡಿ. ಅದೇ ಎಲ್ಲಕ್ಕಿಂತ ಕೆಳಗಿರಬೇಕು. Gap Width ಅನ್ನು 40%ರ ಸುಮಾರಿಗೆ ಇಳಿಸಿದರೆ ಕಂಬಗಳು ಹತ್ತಿರ ಬಂದು, ಒಂದರ ಮಟ್ಟದಿಂದ ಇನ್ನೊಂದು ಆರಂಭವಾಗುವುದು ಕಣ್ಣಿಗೆ ಸಹಜವಾಗಿ ತಿಳಿಯುತ್ತದೆ.

ಅಂಕಿಗಳನ್ನು ಬರೆಯುವಲ್ಲಿ ಒಂದು ತೊಡಕಿದೆ. ಒಂದರ ಮೇಲೊಂದು ಕೂರುವ ಕಂಬಗಳಲ್ಲಿ ಎಕ್ಸೆಲ್ ಅಂಕಿಯನ್ನು ಕಂಬದೊಳಗಷ್ಟೇ ಇಡಲು ಬಿಡುತ್ತದೆ, 0.38ರಂಥ ಚಿಕ್ಕ ಕಂಬದಲ್ಲಿ ಅದು ಹಿಡಿಸುವುದಿಲ್ಲ. H ಅಂಕಣವನ್ನು ಸೇರಿಸಿದ್ದು ಇದಕ್ಕಾಗಿಯೇ. ಆ ಗೆರೆಯನ್ನು ಆರಿಸಿ Data Labels ಸೇರಿಸಿ, ಸ್ಥಾನವನ್ನು Above ಮಾಡಿ, Value From Cells ಗುರುತು ಹಾಕಿ B2ರಿಂದ B9ರವರೆಗೆ ತೋರಿಸಿ, Value ಎಂಬ ಗುರುತನ್ನು ತೆಗೆಯಿರಿ. ಆಮೇಲೆ ಗೆರೆಯನ್ನೇ No line ಮಾಡಿ ಮರೆಸಿ. ಈ ಸೌಲಭ್ಯ ಎಕ್ಸೆಲ್ 2013ರಿಂದ ಇದೆ. ಏರಿಕೆಗೆ ಕೂಡುವ ಚಿಹ್ನೆಯೂ ಕಾಣಬೇಕಾದರೆ B3ರಿಂದ B8ರವರೆಗಿನ ಕೋಶಗಳಿಗೆ ಈ ನಮೂನೆ ಕೊಡಿ:

```
+0.00;-0.00;0.00
```

ಕಾರಣಗಳ ಹೆಸರು ಉದ್ದವಾದರೆ ಕೆಳಗಿನ ಅಕ್ಷರಗಳು ಓರೆಯಾಗಿ ತಿರುಗುತ್ತವೆ. A ಅಂಕಣದ ಕೋಶದಲ್ಲಿ Alt+Enter ಒತ್ತಿ ಹೆಸರನ್ನು ಎರಡು ಸಾಲಾಗಿ ಒಡೆದರೆ ನೇರವಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ ಹೆಸರುಗಳು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಸಿದ್ಧವಾಗಿ ಸಿಗುವ ಚಾರ್ಟ್

ಎಕ್ಸೆಲ್ 2016 ಮತ್ತು ಅದರ ನಂತರದ ಆವೃತ್ತಿಗಳಲ್ಲಿ Insert ಪಟ್ಟಿಯಲ್ಲೇ Waterfall ಇದೆ. A ಮತ್ತು B ಅಂಕಣಗಳನ್ನಷ್ಟೇ ಆರಿಸಿ ಅದನ್ನು ಒತ್ತಬಹುದು. ಆಗ ಕೊನೆಯ ಲಾಭವನ್ನೂ ಎಕ್ಸೆಲ್ ಇನ್ನೊಂದು ಏರಿಕೆಯೆಂದೇ ತಿಳಿದು 4.08ರ ಮೇಲೆ ಮತ್ತೆ 4.08 ಏರಿಸಿ, ಗಾಳಿಯಲ್ಲಿ ನಿಲ್ಲಿಸುತ್ತದೆ. ಆ ಒಂದು ಕಂಬ ಮಾತ್ರ ಆರಿಸಿಕೊಳ್ಳುವಂತೆ ಎರಡು ಸಲ ಬಿಡಿಬಿಡಿಯಾಗಿ ಕ್ಲಿಕ್ ಮಾಡಿ, ಬಲ ಕ್ಲಿಕ್ಕಿನಲ್ಲಿ Set as Total ಆರಿಸಿದರೆ ಅದು ನೆಲಕ್ಕೆ ಇಳಿಯುತ್ತದೆ. ಮೊದಲ ಕಂಬಕ್ಕೂ ಹೀಗೆಯೇ ಮಾಡಿ, ಇಲ್ಲದಿದ್ದರೆ ಅದು ಏರಿಕೆಯ ಬಣ್ಣದಲ್ಲೇ ಉಳಿಯುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಈ ಚಾರ್ಟ್ ಇದೆ. ಅಲ್ಲಿ ಕೊನೆಯ ಮೊತ್ತದ ಕಂಬವನ್ನು ತಂತ್ರಾಂಶವೇ ಸೇರಿಸುವಾಗ ನಮ್ಮ ಒಂಬತ್ತನೆಯ ಸಾಲನ್ನು ಆಯ್ಕೆಯಿಂದ ಬಿಡಬೇಕು.

ಬೇಗ ಮುಗಿಸಬೇಕಾದಾಗ ಇದು ಸಾಕು. ಆದರೆ ಇದನ್ನು ಬೇರೆ ಬಗೆಯ ಚಾರ್ಟಿನೊಡನೆ ಬೆರೆಸಲಾಗದು, ಹಳೆಯ ಎಕ್ಸೆಲ್‌ನಲ್ಲಿ ತೆರೆದರೆ ಕಾಣುವುದೂ ಇಲ್ಲ. ಫೈಲು ಬ್ಯಾಂಕಿಗೋ ಲೆಕ್ಕಪರಿಶೋಧಕರಿಗೋ ಹೋಗುವುದಾದರೆ ಕೈಯಿಂದ ಮಾಡಿದ ಚಾರ್ಟನ್ನೇ ನಾನು ಕಳುಹಿಸುತ್ತೇನೆ.

ಲಾಭ ಸೊನ್ನೆ ದಾಟಿ ನಷ್ಟಕ್ಕೆ ಇಳಿದಾಗ

ಮೇಲಿನ ಸೂತ್ರಗಳು ಮಟ್ಟವು ಎಲ್ಲೂ ಸೊನ್ನೆಗಿಂತ ಕೆಳಗಿಳಿಯದಿದ್ದಾಗ ಮಾತ್ರ ಸರಿ. ಮಟ್ಟ 1.20 ಲಕ್ಷದಲ್ಲಿದ್ದು 2.00 ಲಕ್ಷದ ಇಳಿಕೆ ಬಂದಿತೆನ್ನಿ. ಹೊಸ ಮಟ್ಟ −0.80. D ಅಂಕಣ −0.80 ಆಗಿ ಸೊನ್ನೆಯ ಕೆಳಗೆ ಕಾಣದಂತೆ ನಿಲ್ಲುತ್ತದೆ, G ಅಂಕಣದ 2.00 ಮಾತ್ರ ಸೊನ್ನೆಯಿಂದ ಮೇಲಕ್ಕೆ ಏಳುತ್ತದೆ. ನಷ್ಟ ತೋರಿಸಬೇಕಾದ ಕಂಬ ಸೊನ್ನೆಯ ಮೇಲೆಯೇ, ಹಿಂದಿನ ಮಟ್ಟಕ್ಕಿಂತ ಎತ್ತರದಲ್ಲಿ ನಿಂತಿದ್ದರೆ ಈ ತಪ್ಪಾಗಿದೆ ಎಂದು ಗುರುತಿಸಬಹುದು.

ಇಂಥಲ್ಲಿ ಸಿದ್ಧ ಚಾರ್ಟ್ ಸರಿಯಾಗಿ ಕೆಲಸ ಮಾಡುತ್ತದೆ. ಕೈಯಿಂದಲೇ ಮಾಡಬೇಕೆಂದರೆ ಆರಂಭದ ಮಟ್ಟ, ಅಂತ್ಯದ ಮಟ್ಟ ಎಂಬ ಎರಡು ಅಂಕಣಗಳನ್ನಿಟ್ಟು Line ಚಾರ್ಟ್ ಬಿಡಿಸಿ, Add Chart Elementನಲ್ಲಿ Up/Down Bars ಸೇರಿಸಿ, ಎರಡೂ ಗೆರೆಗಳನ್ನು ಮರೆಸಬೇಕು. ಆಗ ಕಂಬವು ಆರಂಭದ ಮಟ್ಟದಿಂದ ಅಂತ್ಯದ ಮಟ್ಟಕ್ಕೆ ನೇರವಾಗಿ ಬೀಳುತ್ತದೆ. ನಡುವೆ ಸೊನ್ನೆ ಬಂದರೂ ತೊಂದರೆಯಿಲ್ಲ. ಇಲ್ಲಿ ಏರುವ ಕಂಬಗಳಿಗೆಲ್ಲ ಒಂದೇ ಬಣ್ಣ, ಇಳಿಯುವವಕ್ಕೆಲ್ಲ ಒಂದೇ ಬಣ್ಣ ಸಿಗುವುದರಿಂದ, ಮೊದಲ ಮತ್ತು ಕೊನೆಯ ಪೂರ್ಣ ಕಂಬಗಳನ್ನು ಬೇರೆ Column ಸರಣಿಯಾಗಿ ಸೇರಿಸಬೇಕಾಗುತ್ತದೆ.

ಮೊತ್ತ ದೊಡ್ಡದು, ಬದಲಾವಣೆ ಚಿಕ್ಕದು

ಬಜೆಟ್ಟುಗಳಲ್ಲಿ ಬರುವ ತೊಡಕು ಬೇರೆ. ಕರ್ನಾಟಕ ಸರ್ಕಾರದ ಬಜೆಟ್ ಗಾತ್ರ 2024-25ರಲ್ಲಿ ಸುಮಾರು 3.71 ಲಕ್ಷ ಕೋಟಿ, 2025-26ರಲ್ಲಿ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಇವೆರಡರ ನಡುವೆ 1,000 ಕೋಟಿಯ ಒಂದು ಬದಲಾವಣೆಯನ್ನು ತೋರಿಸಹೊರಟರೆ ಅದರ ಎತ್ತರ ಕೊನೆಯ ಕಂಬದ ನಾನೂರರಲ್ಲಿ ಒಂದು ಭಾಗ. ಅದು ಗೆರೆಯಂತೆಯೂ ಕಾಣದು. ಆಗ ಅಕ್ಷವನ್ನು 3.60 ಲಕ್ಷ ಕೋಟಿಯಿಂದ ಆರಂಭಿಸುವ ಯೋಚನೆ ಬರುತ್ತದೆ. ಹಾಗೆ ಮಾಡಿದರೆ ಮೊದಲ ಕಂಬದ ಎತ್ತರ 0.11 ಭಾಗ, ಕೊನೆಯದರದು 0.49 ಭಾಗವಾಗಿ, ಶೇಕಡಾ ಹತ್ತರಷ್ಟು ಬೆಳೆದ ಬಜೆಟ್ ನಾಲ್ಕೂವರೆ ಪಟ್ಟು ಆದಂತೆ ಕಾಣುತ್ತದೆ. ಪೂರ್ಣ ಕಂಬಗಳಿರುವಷ್ಟು ಕಾಲ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕು.

ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಎರಡೂ ಪೂರ್ಣ ಕಂಬಗಳನ್ನು ಬಿಟ್ಟು, ಸೊನ್ನೆಯಿಂದ ಆರಂಭಿಸಿ ಬದಲಾವಣೆಗಳನ್ನಷ್ಟೇ ತೇಲಿಸಿ, ಬಲತುದಿಯಲ್ಲಿ ಒಟ್ಟು ಬದಲಾವಣೆಯ ಕಂಬವನ್ನು ನಿಲ್ಲಿಸುವುದು. ಎರಡೂ ವರ್ಷಗಳ ಗಾತ್ರವನ್ನು ಶೀರ್ಷಿಕೆಯಲ್ಲಿ ಅಕ್ಷರದಲ್ಲಿ ಹೇಳಿದರಾಯಿತು.

ಕ್ರಮ, ಬಣ್ಣ, ಶೀರ್ಷಿಕೆ

ನಡುವಿನ ಕಂಬಗಳ ಕ್ರಮ ಬದಲಾದರೂ ಮೊತ್ತ ಬದಲಾಗದು, ಓದುವ ಕಥೆ ಬದಲಾಗುತ್ತದೆ. ಮೊದಲು ಮಾರುಕಟ್ಟೆಯ ಕಡೆಯವು, ಅಂದರೆ ಪ್ರಮಾಣ ಮತ್ತು ಮಾರಾಟ ದರ, ಆಮೇಲೆ ವೆಚ್ಚಗಳು, ಕೊನೆಗೆ ಸ್ಥಿರ ವೆಚ್ಚ. ಈ ಕ್ರಮವನ್ನು ಪ್ರತಿ ವರ್ಷವೂ ಉಳಿಸಿಕೊಂಡರೆ ಎರಡು ವರ್ಷಗಳ ಚಾರ್ಟನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನಡುವೆ ಎಂಟಕ್ಕಿಂತ ಹೆಚ್ಚು ಕಂಬಗಳಾದರೆ ಚಿಕ್ಕವನ್ನು ‘ಇತರೆ’ ಎಂದು ಕೂಡಿಸಬಹುದು. ಆದರೆ ಆ ‘ಇತರೆ’ಯು ಹೆಸರಿರುವ ಯಾವುದಾದರೂ ಕಂಬಕ್ಕಿಂತ ದೊಡ್ಡದಾದರೆ ಅದನ್ನು ಬಿಡಿಸಲೇಬೇಕು. ಏರಿಕೆಯೊಂದು, ಇಳಿಕೆಯೊಂದು ಸೇರಿ ಒಳಗೊಳಗೇ ರದ್ದಾಗಿರುವ ‘ಇತರೆ’ಯಂತೂ ಚಿಕ್ಕದಾಗಿ ಕಂಡರೂ ಮೋಸದ್ದು; ಕೂಡಿಸುವ ಮೊದಲು ಒಳಗಿನ ಒಂದೊಂದು ಮೊತ್ತವನ್ನೂ ನೋಡಬೇಕು.

ಬಣ್ಣವು ಲಾಭದ ಮೇಲಿನ ಪರಿಣಾಮವನ್ನು ಹೇಳಬೇಕು. ಲಾಭದ ಚಾರ್ಟಿನಲ್ಲಿ ವೆಚ್ಚ ಏರಿದರೆ ಕಂಬ ಕೆಳಮುಖ, ಹಾಗಾಗಿ ಗೊಂದಲವಿಲ್ಲ. ಖರ್ಚಿನ ಬಜೆಟ್ ಮತ್ತು ನಿಜವಾದ ಖರ್ಚಿನ ನಡುವಿನ ಚಾರ್ಟಿನಲ್ಲಿ ಮಾತ್ರ ಮೇಲ್ಮುಖದ ಕಂಬವೇ ಅಹಿತಕರ ಸುದ್ದಿ. ಅಲ್ಲಿ ಬಣ್ಣಗಳನ್ನು ಕೈಯಿಂದ ತಿರುಗಿಸಬೇಕು. ಕೆಂಪು-ಹಸಿರು ಭೇದ ಕಾಣದವರೂ ಓದುಗರಲ್ಲಿ ಇರುವುದರಿಂದ ನೀಲಿ ಮತ್ತು ಕಿತ್ತಳೆ ಜೋಡಿ ಉತ್ತಮ. ಪೂರ್ಣ ಕಂಬಗಳಿಗೆ ಬೂದು ಬಣ್ಣ ಸಾಕು. ಅಂಕಿಗಳು ಕಂಬದ ಮೇಲೆಯೇ ಇರುವುದರಿಂದ ಅಡ್ಡಗೆರೆಗಳನ್ನು ತೆಗೆದುಹಾಕಬಹುದು.

ಶೀರ್ಷಿಕೆಯಲ್ಲಿ ‘ಲಾಭ ವಿಶ್ಲೇಷಣೆ 2024-25’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯದು. ‘ತಟ್ಟೆ ಹೆಚ್ಚು ಮಾರಿದರೂ ಹಾಳೆಯ ದರ ಏರಿಕೆಯಿಂದ ಲಾಭ 7.20ರಿಂದ 4.08 ಲಕ್ಷಕ್ಕೆ ಇಳಿಕೆ’ ಎಂದರೆ ನೋಡಬೇಕಾದ ಕಂಬ ಯಾವುದೆಂದು ಮೊದಲೇ ತಿಳಿಯುತ್ತದೆ. ಚಾರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರಲೇಬೇಕು: ಮೊತ್ತಗಳು ಲಕ್ಷ ರೂಪಾಯಿಗಳಲ್ಲಿವೆ ಎಂಬುದೊಂದು, ಪ್ರಮಾಣವನ್ನು 2023-24ರ ದರದಲ್ಲಿಯೂ ದರಗಳನ್ನು 2024-25ರ ಪ್ರಮಾಣದಲ್ಲಿಯೂ ಅಳೆಯಲಾಗಿದೆ ಎಂಬುದಿನ್ನೊಂದು.